ಕುಣಿಗಲ್ ಫೋನಿನಲ್ಲಿ ಕಾಣದ ಬಟನ್

ನಮ್ಮ ಆಫೀಸಿನಲ್ಲಿ ಇರುವುದು ಒಂದೇ ಐಫೋನ್. ಮಾಲೀಕರು ಹೊಸದು ತೆಗೆದುಕೊಂಡಾಗ ಹಳೆಯದನ್ನು ಆಫೀಸಿಗೆ ಬಿಟ್ಟುಕೊಟ್ಟಿದ್ದರು. ಅದು ಡ್ರಾಯರಿನಲ್ಲಿ ಸ್ಟೇಪ್ಲರ್ ಪಕ್ಕ ಮಲಗಿರುತ್ತದೆ. ಸದಾಶಿವನಗರದಲ್ಲಿ ಒಂದು ಮನೆಯ ಮೊದಲ ಮಹಡಿಯೇ ನಮ್ಮ ಆಫೀಸು. ಅಂಗಡಿ, ನರ್ಸಿಂಗ್ ಹೋಂ, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಒಂದೊಂದು ಸೈಟ್ ಮುಗಿದಾಗಲೂ ಆ ಫೋನಿನಲ್ಲಿ ಅದನ್ನು ತೆರೆದು, ಹೋಂ ಸ್ಕ್ರೀನಿಗೆ ಸೇರಿಸಿ, ಒಂದು ಐಕಾನ್ ಕೂರಿಸುವುದು ನಮ್ಮ ಪದ್ಧತಿ. ಮುಂದೆ ಪರೀಕ್ಷೆ ಮಾಡಬೇಕೆಂದರೆ ಐಕಾನ್ ಒತ್ತಿದರಾಯಿತು. ಗಿರಾಕಿಗಳು ಬಂದಾಗಲೂ ಸಾಲಾಗಿ ಕೂತ ಆ ಐಕಾನುಗಳನ್ನು ತೋರಿಸಿ, 'ನೋಡಿ, ಆ್ಯಪ್ ಥರಾನೇ ಇದೆ' ಅನ್ನುತ್ತಿದ್ದೆವು. ಅವರು ಕಣ್ಣರಳಿಸುತ್ತಿದ್ದರು. ನಾನಂತೂ ಅದನ್ನು ದೊಡ್ಡ ವಿದ್ಯೆ ಎಂಬಂತೆ ತೋರಿಸುತ್ತಿದ್ದೆ.

ಈಗ ಆ ಡ್ರಾಯರ್ ಎಳೆದರೆ ನನಗೆ ಕಿವಿ ಬಿಸಿಯಾಗುತ್ತದೆ.

ಅಕ್ಕ ತಂಗಿ ಇಬ್ಬರು ನಮ್ಮ ಹತ್ತಿರ ಬಂದಿದ್ದರು. ಅಕ್ಕನದು ಗುಬ್ಬಿಯಲ್ಲಿ ಹಳೆಯ ಟೈಲರಿಂಗ್ ಅಂಗಡಿ; ಮದುವೆ ಬ್ಲೌಸು, ಲೆಹೆಂಗಾ, ಆರಿ ಕಸೂತಿ ಎಲ್ಲಕ್ಕೂ ಸುತ್ತಮುತ್ತ ಹೆಸರು. ಮುಸ್ಲಿಂ ಮನೆತನ, ತಂದೆಯ ಕಾಲದಿಂದಲೂ ಹೊಲಿಗೆಯೇ. ಮನೆಮಾತು ಉರ್ದು, ಅಂಗಡಿಯಲ್ಲಿ ಮಾತ್ರ ನನಗಿಂತ ಖಡಕ್ ಕನ್ನಡ. ತಂಗಿ ಮದುವೆಯಾಗಿ ಕುಣಿಗಲ್‌ಗೆ ಹೋದವಳು ಅಲ್ಲೇ ಒಂದು ಬ್ರಾಂಚ್ ತೆಗೆದಿದ್ದಳು. ಬರೀ ಮದುಮಗಳ ಬಟ್ಟೆ. ಅಕ್ಕನಿಗೆ ಆ ಬ್ರಾಂಚ್ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ತಂಗಿಯೇ ಹಠ ಹಿಡಿದು ವೆಬ್‌ಸೈಟ್ ಬೇಕೆಂದು ಎಳೆದುಕೊಂಡು ಬಂದಿದ್ದಳು.

'ಈಗಿನ್ ಹುಡ್ಗೀರು ಫೋನ್ ಮಾಡಲ್ಲ ಆಪಾ, ಡಿಸೈನ್ ನೋಡ್ತಾರೆ, ಅಲ್ಲೇ ಬುಕ್ ಮಾಡ್ತಾರೆ' ಅಂತ ಅಕ್ಕನಿಗೆ ಹೇಳುತ್ತಿದ್ದಳು.

ಅಕ್ಕ ನನ್ನ ಕಡೆ ತಿರುಗಿ, 'ಈ ಮದ್ವೆ ಸೀಸನ್ ನೋಡ್ತೀನಿ ಮೇಡಂ. ಕುಣಿಗಲ್ ಅಂಗ್ಡಿ ನಡೆದ್ರೆ ಸರಿ. ಇಲ್ಲಾಂದ್ರೆ ಮುಚ್ಚಿ ಇವ್ಳು ಗುಬ್ಬೀಲಿ ನನ್ ಜೊತೆ ಮಿಷಿನ್ ಮೇಲೆ ಕೂತ್ಕೋಬೇಕು' ಅಂದರು. ತಂಗಿ ನಕ್ಕಳು. ನಾನೂ ನಕ್ಕೆ. 'ಕೂತ್ಕೊಳಲ್ಲ ಬಿಡಿ' ಅಂದೆ. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂದಿತ್ತೋ.

ಸೈಟ್ ಚೆನ್ನಾಗಿಯೇ ಬಂತು. ಮೇಲೆ ಅಂಗಡಿಯ ಹೆಸರು, ನಡುವೆ ಬೆರಳಲ್ಲಿ ಸರಿಸಿ ನೋಡುವ ಡಿಸೈನುಗಳು, ಕೆಳಗೆ ಪರದೆಗೆ ಅಂಟಿಕೊಂಡಂತೆ ಒಂದು ಪಟ್ಟಿ. ಪಟ್ಟಿಯಲ್ಲಿ 'ಬುಕ್ ಮಾಡಿ' ಎಂಬ ಬಟನ್, ಅದರ ಕೆಳಗೆ ಅಂಗಡಿ ತೆರೆದಿರುವ ಹೊತ್ತು. ಪುಟ ಫೋನಿನ ಪರದೆಯನ್ನು ಒಂದಿಷ್ಟೂ ಮೀರಬಾರದು, ಡಿಸೈನು ಮಾತ್ರ ಒಳಗೆ ಓಡಾಡಬೇಕು ಎಂಬುದು ನನ್ನ ಆಸೆ. ಅದಕ್ಕೆ ಪುಟದ ಎತ್ತರವನ್ನು 'ನೂರು ವಿಎಚ್' ಎಂದು ಬರೆದೆ. ಅಂದರೆ ಪರದೆಯ ಪೂರ್ತಿ ಎತ್ತರ. ಹೊರಗಿನ ಪುಟ ಸರಿಯದಂತೆ ಬೀಗ ಹಾಕಿದೆ. ಡ್ರಾಯರಿನ ಫೋನ್ ತೆಗೆದು ಐಕಾನ್ ಕೂರಿಸಿ ಒತ್ತಿ ನೋಡಿದೆ. ಬಟನ್ ಕೆಳಗೆ ಅಚ್ಚುಕಟ್ಟಾಗಿ ಕೂತಿತ್ತು. ನನ್ನ ಆಂಡ್ರಾಯ್ಡಿನಲ್ಲಿ ಪಟ್ಟಿಯ ಕೆಳತುದಿ ಕೊಂಚ ಕತ್ತರಿಸಿಹೋಗಿತ್ತು, ಅಂಗಡಿಯ ಹೊತ್ತು ಕಾಣುತ್ತಿರಲಿಲ್ಲ. ಬಟನ್ ಕಂಡಿತಲ್ಲ, ಸಾಕು ಅಂದುಕೊಂಡೆ. ಅವತ್ತು ಆ ಕತ್ತರಿಸಿದ ತುದಿಯನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಇನ್ನೊಂದು ಉಪದೇಶವನ್ನೂ ನಾನೇ ಮಾಡಿದ್ದೆ. 'ಕುಣಿಗಲ್ ಬೋರ್ಡಿಂದ ಫೋನ್ ನಂಬರ್ ತೆಗೀರಿ. ನಂಬರ್ ಇದ್ರೆ ಎಲ್ರೂ ಫೋನೇ ಮಾಡ್ತಾರೆ, ಸೈಟಿಗೆ ಯಾರೂ ಬರಲ್ಲ. ಬರೀ ಲಿಂಕ್ ಹಾಕಿ.' ತಂಗಿ ಪೇಂಟರನ್ನು ಕರೆಸಿ ನಂಬರ್ ಅಳಿಸಿಯೇಬಿಟ್ಟಳು.

ಸೀಸನ್ ಶುರುವಾದ ಮೇಲೆ ಅವಳ ಮೊದಲ ಮೆಸೇಜ್ ಬಂತು. 'ಮೇಡಂ, ನನ್ನ ಐಫೋನಲ್ಲಿ ಬುಕ್ ಬಟನ್ ಇಲ್ಲ. ಸರಿ ಮಾಡಿಕೊಡಿ.' ಜೊತೆಗೆ ಒಂದು ಸ್ಕ್ರೀನ್‌ಶಾಟ್. ನೋಡಿದೆ. ಡಿಸೈನುಗಳಿದ್ದವು, ಕೆಳಗೆ ಐಫೋನಿನ ಬ್ರೌಸರ್ ಸಫಾರಿಯ ವಿಳಾಸದ ಪಟ್ಟಿ ಇತ್ತು, ನಮ್ಮ ಬಟನ್ ಇರಲಿಲ್ಲ. ಕಣ್ಣೆದುರೇ ಇತ್ತು ಎಲ್ಲ. ಆದರೂ ನಾನು ನೋಡಿದ್ದು ಸ್ಕ್ರೀನ್‌ಶಾಟನ್ನಲ್ಲ, ನನಗೆ ಬೇಕಾದ್ದನ್ನು. 'ಕೆಳಗೆ ಸ್ಕ್ರಾಲ್ ಮಾಡಿ' ಎಂದು ಬರೆದೆ.

'ಮಾಡಿದೆ ಮೇಡಂ. ಇಲ್ಲ.' ಈ ಸಲ ವೀಡಿಯೊ ಕಳಿಸಿದಳು. ಅವಳ ಹೆಬ್ಬೆರಳು ಡಿಸೈನುಗಳನ್ನು ಕೊನೆಯ ತನಕ ತಳ್ಳುತ್ತದೆ, ಅಲ್ಲಿಗೆ ಮುಗಿಯುತ್ತದೆ. ನಾನು ಡ್ರಾಯರಿನ ಫೋನ್ ತೆಗೆದು ಐಕಾನ್ ಒತ್ತಿದೆ. ಬಟನ್ ಇದೆ! ಕಂಪ್ಯೂಟರಿನಲ್ಲಿ ಬ್ರೌಸರನ್ನು ಐಫೋನಿನ ಅಳತೆಗೆ ಇಳಿಸಿ ನೋಡಿದೆ. ಅಲ್ಲೂ ಇದೆ. ಎರಡು ಸಾಕ್ಷಿ ಸಿಕ್ಕವು ಅಂತ ಬೀಗಿದೆ. ನೆಟ್‌ವರ್ಕ್ ಸರಿ ಇಲ್ಲದೆ ಪುಟ ಪೂರ್ತಿ ಬಂದಿಲ್ಲ ಅಂದೆ. ಹಿಸ್ಟರಿ ಅಳಿಸಿ ಅಂದೆ. ಫೋನ್ ಅಪ್‌ಡೇಟ್ ಮಾಡಿ ಅಂದೆ. ಅವಳು ಹೇಳಿದ್ದನ್ನೆಲ್ಲ ಮಾಡಿ, ಪ್ರತಿ ಸಲ 'ಇಲ್ಲ ಮೇಡಂ' ಎಂದು ಬರೆಯುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಕೊನೆಗೆ ಉತ್ತರ ಕೊಡುವುದನ್ನೇ ಬಿಟ್ಟೆ.

ಆಗ ಅಕ್ಕ ಫೋನ್ ಮಾಡಿದರು. 'ಏನ್ ಮೇಡಂ, ಒಂದೆರಡು ಬಿಟ್ರೆ ಕುಣಿಗಲ್‌ಗೆ ಬುಕಿಂಗೇ ಬರ್ತಿಲ್ಲ. ಬಟನ್ ಇಲ್ಲ ಬಟನ್ ಇಲ್ಲ ಅಂತಾಳೆ ಇವ್ಳು. ನಿಜಾನಾ?'

ನಾನು ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗಿಡುವ ವ್ಯವಧಾನವೂ ಇಲ್ಲದೆ, 'ಸೈಟ್ ಸರಿಯಾಗೇ ಇದೆ ಮೇಡಂ. ನಾವು ಐಫೋನಲ್ಲೇ ಚೆಕ್ ಮಾಡಿದೀವಿ. ಅವ್ರಿಗೆ ಫೋನ್ ನೋಡಕ್ ಬರಲ್ಲ ಅನ್ಸುತ್ತೆ' ಅಂದೆ.

ಅಕ್ಕ, 'ನಂಗೂ ಹಂಗೇ ಅನ್ನಿಸ್ತು' ಅಂದರು. ಫೋನ್ ಇಟ್ಟ ಮೇಲೆ ನನಗೆ ಹಾಯೆನಿಸಿತು. ಈಗ ಬರೆಯುವಾಗ ಅದೇ ಹಾಯೆನಿಸಿದ್ದು ನೆನಪಾಗಿ ಮೈ ಹಿಡಿಯಾಗುತ್ತದೆ.

ಸ್ವಲ್ಪ ದಿನಕ್ಕೆ ಮಾಲೀಕರು ನನ್ನನ್ನು ಕರೆದರು. ಅಕ್ಕ ಕುಣಿಗಲ್ ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದಾರೆ, ಆರಿ ಕೆಲಸದ ಮರದ ಚೌಕಟ್ಟನ್ನು ಆಗಲೇ ಗುಬ್ಬಿಗೆ ಸಾಗಿಸಿದ್ದಾರೆ, ತಂಗಿ ಮಾತ್ರ ಸೈಟೇ ಸರಿಯಿಲ್ಲ ಅಂತ ಪಟ್ಟು ಹಿಡಿದಿದ್ದಾಳೆ. ಇಬ್ಬರೂ ಗುಬ್ಬಿಯಲ್ಲಿ ಇರುತ್ತಾರೆ; ನೀವು ಹೋಗಿ ಫೋನಿನಲ್ಲಿ ತೋರಿಸಿಬಿಡಿ, ನಮ್ಮ ಮೇಲೆ ಮಾತು ಬರಬಾರದು ಅಂದರು. ನಾನು ಡ್ರಾಯರಿನ ಫೋನನ್ನು ಬ್ಯಾಗಿಗೆ ಹಾಕಿಕೊಂಡು, ಲ್ಯಾಪ್‌ಟಾಪನ್ನೂ ಹಿಡಿದು ಹೊರಟೆ. ಗುಬ್ಬಿ ಬಸ್ಸಿನ ಕಿಟಕಿ ಪಕ್ಕ ಕೂತು, ಅವಳಿಗೆ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ನಯವಾಗಿ ಹೇಳಬೇಕು, ಬೇಜಾರಾಗಬಾರದು ಎಂದೆಲ್ಲ ಧಾರಾಳವಾಗಿ ಯೋಚಿಸಿದ್ದೆ. ಪಾಪ, ಎಷ್ಟು ಒಳ್ಳೆಯವಳು ನಾನು!

ಅಂಗಡಿ ತುಂಬ ಬಟ್ಟೆ. ಬೆಂಚಿನ ಮೇಲೆ ಮಗಳ ಬ್ಲೌಸಿಗೆ ಬಂದ ಒಬ್ಬ ತಾಯಿ ಕೂತಿದ್ದರು. ಅಕ್ಕ ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದರು. ತಂಗಿ ಮೂಲೆಯ ಮಿಷಿನ್ ಮುಂದೆ ಕೂತಿದ್ದಳು, ಆದರೆ ಹೊಲಿಯುತ್ತಿರಲಿಲ್ಲ. ಮೊದಲ ಸಲ ಆಫೀಸಿಗೆ ಬಂದಾಗ ಇದ್ದ ಉಮೇದು ಮುಖದಲ್ಲಿ ಇರಲಿಲ್ಲ.

ನಾನು ಡ್ರಾಯರಿನ ಫೋನ್ ತೆಗೆದೆ. 'ನೋಡಿ ಮೇಡಂ, ಇದೂ ಐಫೋನೇ' ಎಂದು ಐಕಾನ್ ಒತ್ತಿದೆ. ಅಂಗಡಿಯ ಹೆಸರು, ಡಿಸೈನು, ಕೆಳಗೆ ಬಟನ್. ಒತ್ತಿ ಮುಂದಿನ ಪುಟವನ್ನೂ ತೋರಿಸಿದೆ. ಅಕ್ಕ ನೋಡಿದರು, ತಂಗಿಯ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದರು. ನನಗೆ ಪೂರ್ತಿ ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ತಂಗಿ ಎದ್ದು ಬಂದು ತನ್ನ ಫೋನನ್ನು ಮೇಜಿನ ಮೇಲೆ, ನನ್ನದರ ಪಕ್ಕದಲ್ಲಿ ಇಟ್ಟಳು. ಅದರಲ್ಲಿ ಬಟನ್ ಇರಲಿಲ್ಲ.

'ಬೇರೆ ಬೇರೆ ಯಾಕ್ ಬರುತ್ತೆ ಮೇಡಂ? ಎರಡೂ ಒಂದೇ ಕಂಪ್ನಿ ಫೋನ್ ತಾನೆ?' ಅಂದಳು.

'ನಿಮ್ಮ ಫೋನಲ್ಲಿ ಏನೋ ಸೆಟ್ಟಿಂಗ್ಸ್' ಅಂದೆ.

'ನಾನು ಲಿಂಕ್ ಒತ್ತಿ ತೆಗ್ದಿರೋದು. ನೀವೂ ಲಿಂಕಲ್ಲೇ ತೆಗೀರಿ.'

'ಎರಡೂ ಒಂದೇ' ಅಂದೆ. ಒಂದೇ ಎಂದು ಸಾಧಿಸಲಿಕ್ಕಾಗಿಯೇ ಸಫಾರಿ ತೆರೆದು, ವಿಳಾಸ ಹೊಡೆದು, ಪುಟ ಬರುವ ಮೊದಲೇ ಫೋನನ್ನು ಅಕ್ಕನ ಕಡೆ ತಿರುಗಿಸಿದೆ. ಆ ಫೋನಿನಲ್ಲಿ ನಾನು ಹಾಗೆ ತೆರೆದದ್ದು ಐಕಾನ್ ಕೂರಿಸಿದ ದಿನ ಮಾತ್ರ. ಅವತ್ತೂ ಪುಟ ಬಂದ ತಕ್ಷಣ ಹೋಂ ಸ್ಕ್ರೀನಿಗೆ ಸೇರಿಸುವ ಅವಸರ.

ಅಕ್ಕ ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. 'ಇದ್ರಲ್ಲೂ ಇಲ್ವಲ್ಲಮ್ಮ' ಅಂದರು.

ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ. ಇರಲಿಲ್ಲ. ಮೇಲೆ ಕೆಳಗೆ ತಳ್ಳಿದೆ. ಇರಲಿಲ್ಲ. ಅವಳು ವೀಡಿಯೊದಲ್ಲಿ ಮಾಡಿದ್ದನ್ನೇ, ಅವಳ ಹಾಗೆಯೇ ಹೆಬ್ಬೆರಳಲ್ಲಿ ಮಾಡುತ್ತಿದ್ದೆ. ಬೆಂಚಿನ ಮೇಲಿದ್ದ ತಾಯಿಯೂ ಕತ್ತು ಉದ್ದ ಮಾಡಿ ನೋಡಿದರು. ನಾಚಿಕೆಗೆ ನನ್ನ ಮುಖ ಕೆಂಪಾಯಿತು. ಕಾರಣ ಆ ಕ್ಷಣದಲ್ಲೇ ಗೊತ್ತಾಯಿತು ಎಂಬುದು ಇನ್ನೂ ದೊಡ್ಡ ಅವಮಾನ. ಯಾವುದೋ ಕಗ್ಗಂಟಲ್ಲ ಅದು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರಬೇಕಾದ, ನಾನೂ ಯಾವಾಗಲೋ ಓದಿ ಮರೆತಿದ್ದ ಸಂಗತಿ.

ಸಫಾರಿಯಲ್ಲಿ ವಿಳಾಸದ ಪಟ್ಟಿ ಒಮ್ಮೆ ದೊಡ್ಡದಾಗಿರುತ್ತದೆ, ಪುಟ ಸರಿಸಿದಾಗ ಮುದುರಿಕೊಳ್ಳುತ್ತದೆ. 'ನೂರು ವಿಎಚ್' ಅಂದರೆ ಅದು ಕೊಡುವುದು ಪಟ್ಟಿ ಮುದುರಿದಾಗಿನ ಎತ್ತರವನ್ನು, ಅಂದರೆ ಅತಿ ದೊಡ್ಡ ಎತ್ತರವನ್ನು. ಪಟ್ಟಿ ಬಿಚ್ಚಿಕೊಂಡಿದ್ದರೆ ನಮ್ಮ ಪುಟದ ಕೊನೆಯ ಭಾಗ ಅದರ ಹಿಂದೆ ಹೋಗುತ್ತದೆ. ನಮ್ಮ ಬಟನ್ ಇದ್ದದ್ದು ಅಲ್ಲೇ. ಸರಿಸಿದರೆ ಪಟ್ಟಿ ಮುದುರಿಯಾದರೂ ಬಟನ್ ಕಾಣುತ್ತಿತ್ತೇನೋ. ಆದರೆ ಹೊರಗಿನ ಪುಟ ಸರಿಯದಂತೆ ನಾನೇ ಬೀಗ ಹಾಕಿದ್ದೆನಲ್ಲ. ಡಿಸೈನುಗಳು ಒಳಗೊಳಗೇ ಸರಿಯುತ್ತಿದ್ದವು, ಪಟ್ಟಿ ಮುದುರುತ್ತಲೇ ಇರಲಿಲ್ಲ. 'ಸ್ಕ್ರಾಲ್ ಮಾಡಿ' ಎಂದು ಅವಳಿಗೆ ಹೇಳಿದ್ದೆ. ಎಷ್ಟು ಸ್ಕ್ರಾಲ್ ಮಾಡಿದರೂ ಬರದಂತೆ ಕಟ್ಟಿದವಳೂ ನಾನೇ. ಹೋಂ ಸ್ಕ್ರೀನಿನ ಐಕಾನಿಂದ ತೆರೆದರೆ ವಿಳಾಸದ ಪಟ್ಟಿಯೇ ಇರುವುದಿಲ್ಲ, ಹಾಗಾಗಿ ನಮ್ಮ ಫೋನಿನಲ್ಲಿ ಎಲ್ಲ ಸರಿ. ಕಂಪ್ಯೂಟರಿನಲ್ಲಿ ಐಫೋನಿನ ಅಳತೆ ಹಾಕಿದಾಗಲೂ ಸಫಾರಿಯ ಪಟ್ಟಿ ಬರುವುದಿಲ್ಲ. ನನ್ನ ಎರಡೂ ಸಾಕ್ಷಿಗಳು ಸುಳ್ಳು ಸಾಕ್ಷಿಗಳು. ಗಿರಾಕಿಗಳು ಯಾರೂ ಐಕಾನ್ ಕೂರಿಸಿಕೊಂಡು ಬರುವವರಲ್ಲ. ಅವರೆಲ್ಲ ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಿ ಬರುವವರು. ಬಂದ ಒಂದೆರಡು ಬುಕಿಂಗೂ ಆಂಡ್ರಾಯ್ಡಿನವರದೇ ಇರಬೇಕು; ಐಫೋನ್ ಇದ್ದ ಒಬ್ಬ ಮದುಮಗಳಿಗೂ ಆ ಬಟನ್ ಕಂಡಿರಲಿಲ್ಲ.

'ಏನಾಯ್ತು ಮೇಡಂ?' ಅಕ್ಕ ಕೇಳಿದರು.

ಹೇಗೆ ಹೇಳಲಿ ಎಂದು ತೋಚದೆ, 'ಹೈ ಹೀಲ್ಸ್ ಹಾಕಿಸಿ ಲೆಹೆಂಗಾದ ಉದ್ದ ತಗೊಂಡಂಗಾಗಿದೆ. ಹುಡುಗಿ ಬರೀ ಚಪ್ಪಲಿ ಹಾಕ್ಕೊಂಡು ನಿಂತ್ರೆ ಅಂಚು ನೆಲಕ್ಕೆ ಬೀಳುತ್ತಲ್ಲ, ಹಂಗೆ' ಎಂದೆ. ಹೇಳಿದ ಕೂಡಲೇ ನಾಚಿಕೆಯಾಯಿತು. ಇಂಥ ಹೊತ್ತಿನಲ್ಲೂ ಉಪಮೆ ಹುಡುಕುತ್ತಿದ್ದೇನಲ್ಲ.

'ನಂಗೆ ಅದೆಲ್ಲ ಬ್ಯಾಡಮ್ಮ' ಅಂದರು ಅಕ್ಕ. 'ಇವ್ಳು ಹೇಳಿದ್ದು ಸರಿನಾ ಇಲ್ವಾ, ಅಷ್ಟ್ ಹೇಳಿ.'

'ಸರಿ' ಅಂದೆ.

'ಫೋನ್ ನೋಡಕ್ ಬರಲ್ಲ ಅಂದ್ರಲ್ಲ.'

'ನಾನೇ ನೋಡ್ಲಿಲ್ಲ ಮೇಡಂ. ತಪ್ಪು ನಮ್ದು. ನಂದು.'

ತಂಗಿ ತಲೆಯೆತ್ತಿದಳು. ಆ ಮಾತನ್ನು ನಾನು ಅವಳ ಅಕ್ಕನಿಗೆ ಹೇಳಿದ್ದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಗೊತ್ತಿತ್ತು. ಅದು ಅವಳ ಮುಖದಲ್ಲೇ ಇತ್ತು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಬೈಯಲಿಲ್ಲ. ಮೇಜಿನ ಮೇಲಿನ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, 'ಇಲ್ಲೇ ಕೂತ್ಕೊಳಿ ಮೇಡಂ, ಬೆಳಕಿದೆ' ಅಂದಳು. ಅಂತರ್ಜಾಲಕ್ಕೆ ಹಾಟ್‌ಸ್ಪಾಟ್ ಕೊಟ್ಟಿದ್ದೂ ಅವಳ ಫೋನಿಂದಲೇ. ಯಾವ ನೆಟ್‌ವರ್ಕ್ ಸರಿ ಇಲ್ಲ ಅಂದಿದ್ದೆನೋ ಅದೇ ನೆಟ್‌ವರ್ಕಿನಲ್ಲಿ ಕೂತು ಕೆಲಸ ಮಾಡಿದೆ.

ಸರಿ ಮಾಡುವುದು ಕಷ್ಟವಿರಲಿಲ್ಲ, ಅದೇ ಸಂಕಟ. 'ನೂರು ವಿಎಚ್' ಸಾಲಿನ ಕೆಳಗೆ 'ನೂರು ಡಿವಿಎಚ್' ಎಂದು ಇನ್ನೊಂದು ಸಾಲು. ಪಟ್ಟಿ ಹಿಗ್ಗಿ ಕುಗ್ಗಿದಂತೆ ಈ ಅಳತೆಯೂ ಬದಲಾಗುತ್ತದೆ. ತೀರಾ ಹಳೆಯ ಫೋನುಗಳಿಗೆ ಈ ಹೊಸ ಅಳತೆ ತಿಳಿಯುವುದಿಲ್ಲ. ಅವು ಎರಡನೆಯ ಸಾಲನ್ನು ಬಿಟ್ಟು ಮೊದಲಿನದನ್ನೇ ಹಿಡಿಯುತ್ತವೆ. ಹೊರಗಿನ ಬೀಗವನ್ನೂ ತೆಗೆದೆ, ಅಂಥ ಫೋನಿನಲ್ಲಿ ಸರಿಸಿಯಾದರೂ ಬಟನ್ ಸಿಗಲಿ ಎಂದು. ಸೈಟಿಗೆ ಏರಿಸಿ, ತಂಗಿಯ ಫೋನಿನಲ್ಲಿ ಪುಟವನ್ನು ಮತ್ತೆ ತೆರೆಸಿದೆ. ಬಟನ್ ವಿಳಾಸದ ಪಟ್ಟಿಯ ಮೇಲೆ ಬಂದು ಕೂತಿತ್ತು.

'ಬಂತು' ಅಂದಳು ಅವಳು. ಅಷ್ಟೇ.

ನಾನು ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದ್ದೆ. ಅವಳು ಬಟನ್ ಒತ್ತಿ ಮುಂದಿನ ಪುಟಕ್ಕೆ ಹೋದಳು. ಹೆಸರು, ನಂಬರ್, ಅಳತೆಗೆ ಬರುವ ದಿನ ತುಂಬುವ ಪುಟ. ಹೆಸರಿನ ಜಾಗ ಮುಟ್ಟಿದೊಡನೆ ಕೀಬೋರ್ಡ್ ಮೇಲೆದ್ದಿತು. 'ಕನ್ಫರ್ಮ್' ಬಟನ್ ಅದರ ಹಿಂದೆ ಮಾಯವಾಯಿತು.

'ಮೇಡಂ' ಅಂದಳು ಮೆಲ್ಲಗೆ, ಫೋನ್ ನನ್ನ ಕಡೆ ತಿರುಗಿಸಿ.

ಈ ಬಟನ್ನನ್ನು ಪರದೆಯ ತಳಕ್ಕೆ ಅಂಟಿಸಿದ್ದೆ, ಪುಟ ಸರಿದರೂ ಇದು ಸರಿಯಬಾರದು ಎಂದು. ಆಂಡ್ರಾಯ್ಡಿನಲ್ಲಿ ಮುಂಚೆ ಕೀಬೋರ್ಡ್ ಎದ್ದರೆ ಪುಟವೇ ಕುಗ್ಗಿ ಬಟನ್ ಮೇಲೆ ಬರುತ್ತಿದ್ದದ್ದನ್ನು ನೋಡಿ ಅಭ್ಯಾಸ. ಸಫಾರಿಯಲ್ಲಿ ಕೀಬೋರ್ಡ್ ಬಂದರೆ ಪುಟ ಕುಗ್ಗುವುದಿಲ್ಲ. ಕಣ್ಣಿಗೆ ಕಾಣುವ ಭಾಗ ಮಾತ್ರ ಚಿಕ್ಕದಾಗುತ್ತದೆ. ತಳಕ್ಕೆ ಅಂಟಿದ್ದು ನಿಜವಾದ ತಳದಲ್ಲೇ, ಕೀಬೋರ್ಡಿನ ಹಿಂದೆ ಉಳಿಯುತ್ತದೆ. ಡಿವಿಎಚ್ ಹಾಕಿದರೂ ಇದು ಬಗೆಹರಿಯುವುದಿಲ್ಲ, ಅದು ಕೀಬೋರ್ಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲು ಜಾಣತನಕ್ಕೆ ಹೋದೆ. ಕಾಣುವ ಭಾಗದ ಎತ್ತರವನ್ನು ಬ್ರೌಸರಿನಿಂದ ಕೇಳಿಕೊಂಡು, ಅಷ್ಟೇ ಮೇಲಕ್ಕೆ ಬಟನ್ ಎತ್ತುವಂತೆ ಬರೆದೆ. ಎತ್ತಿತು, ಆದರೆ ಪುಟ ಸರಿಸಿದಾಗಲೆಲ್ಲ ತಡವಾಗಿ ಹಾರಿ ಹಾರಿ ಬಂದು ಕೂರುತ್ತಿತ್ತು. ಬೆಂಚಿನ ಮೇಲಿದ್ದ ತಾಯಿ ಅದನ್ನು ನೋಡಿ, 'ಅಯ್ಯೋ, ಕುಣೀತದಲ್ಲವ್ವ' ಎಂದು ನಕ್ಕರು. ಯಾರೂ ಗದರದ ಆ ಅಂಗಡಿಯಲ್ಲಿ ಆ ನಗು ನನಗೆ ಚಾಟಿಯೇಟಿನಂತೆ ತಾಗಿತು.

ಕೊನೆಗೆ ಜಾಣತನ ಬಿಟ್ಟು, ಅಂಟಿಸಿದ್ದನ್ನೇ ಕಿತ್ತೆ. ಬಟನ್ ಕೊನೆಯ ಪ್ರಶ್ನೆಯ ಕೆಳಗೆ, ಪುಟದ ಜೊತೆಗೇ ಸರಿಯುವ ಹಾಗೆ, ಸುಮ್ಮನೆ ಕೂತಿತು. ತುಂಬಿದವರು ಕೆಳಗೆ ಬಂದರೆ ಸಿಕ್ಕೇ ಸಿಗುತ್ತದೆ. ಮೊದಲಿಂದಲೂ ಹೀಗೆ ಇಡಬಹುದಿತ್ತು. ಆ್ಯಪ್ ಥರ ಕಾಣಲಿ ಎಂಬ ಒಣ ಶೋಕಿಗೆ ಅಂಟಿಸಿದ್ದೆ. ತಂಗಿ ತನ್ನ ಹೆಸರು, ನಂಬರ್ ಹಾಕಿ ಬುಕ್ ಮಾಡಿದಳು. ಅಕ್ಕನ ಫೋನ್ ಟಿಣ್ ಎಂದಿತು. ತನ್ನದೇ ಅಂಗಡಿಗೆ ತಾನೇ ಗಿರಾಕಿಯಾದಂತಾಯಿತು ಅವಳ ಗತಿ.

ಅಕ್ಕ ಆ ಮೆಸೇಜನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಂಗಿಗೆ ಉರ್ದುವಿನಲ್ಲಿ ಒಂದೇ ವಾಕ್ಯ ಹೇಳಿದರು. ಚೌಕಟ್ಟನ್ನು ನಾಳೆ ಆಟೋಗೆ ಹಾಕಿಸಿ ಕುಣಿಗಲ್‌ಗೆ ವಾಪಸು ಕಳಿಸುತ್ತೇನೆ ಎಂದು ನನಗೆ ಅರ್ಥವಾಯಿತು. ತಂಗಿ ತಲೆಯಾಡಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಕ್ಕನಿಗೂ ನಾಚಿಕೆಯಾಗಿತ್ತು. ಸ್ವಂತ ತಂಗಿಯ ಮಾತು ಬಿಟ್ಟು ಲ್ಯಾಪ್‌ಟಾಪ್ ಹಿಡಿದವಳ ಮಾತು ನಂಬಿದೆನಲ್ಲ ಎಂದು. ಅವರಿಗೆ ಆ ನಾಚಿಕೆಯನ್ನು ತಂದಿಟ್ಟವಳೂ ನಾನೇ. ಹೊರಡುವಾಗ ಅವರೇ ಚಹಾ ತರಿಸಿ, ಕುಡಿಯದೆ ನನ್ನನ್ನು ಬಿಡಲಿಲ್ಲ.

ಆಫೀಸಿಗೆ ಬಂದು ಮಾಲೀಕರಿಗೆ ಹೇಳಿದೆ. 'ಸರಿಯಾಯ್ತಲ್ಲ, ಬಿಡಿ. ಬೇರೆ ಗಿರಾಕಿಗಳಿಗೆ ಹೇಳೋಕ್ ಹೋಗ್ಬೇಡಿ' ಅಂದರು. ಡ್ರಾಯರಿನ ಫೋನಿನಿಂದ ಐಕಾನುಗಳನ್ನೆಲ್ಲ ಅಳಿಸಿ, ಒಂದೊಂದು ಸೈಟನ್ನೂ ಸಫಾರಿಯಲ್ಲಿ ತೆರೆದು ನೋಡಿದೆ. ಇಲ್ಲೇ ಊರಂಚಿನ ಸತ್ಯಮಂಗಲದ ಒಂದು ಕಾರ್ಖಾನೆಯದರಲ್ಲಿ ಮೆನುವಿನ ಕೊನೆಯ ಸಾಲು ಕಾಣುತ್ತಿರಲಿಲ್ಲ. ಇನ್ನೊಂದರಲ್ಲಿ ಫೋನ್ ಮಾಡುವ ಗುರುತು ಅರ್ಧ ಮುಚ್ಚಿತ್ತು. ಯಾರೂ ದೂರು ಹೇಳಿರಲಿಲ್ಲ. ಹೇಳಿದ ಒಬ್ಬಳನ್ನು ನಾನು ಏನು ಮಾಡಿದ್ದೆ ಎಂದು ಯೋಚಿಸಿದರೆ, ಉಳಿದವರು ಯಾಕೆ ಹೇಳಲಿಲ್ಲವೆಂದು ಕೇಳುವ ಮುಖ ನನಗಿರಲಿಲ್ಲ.

ಮುಂದಿನ ಭಾನುವಾರ ಯಾರೂ ಕಳಿಸದೆ, ನಾನಾಗಿಯೇ ಕುಣಿಗಲ್‌ಗೆ ಹೋದೆ. ಸೈಟ್ ನೋಡಲು ಎಂದು ನನಗೆ ನಾನೇ ಹೇಳಿಕೊಂಡರೂ ಹೋಗಿದ್ದು ಕ್ಷಮೆ ಕೇಳಲು. ಅಂಗಡಿಯ ಬೋರ್ಡಿನಲ್ಲಿ ಅಳಿಸಿದ ನಂಬರಿನ ಜಾಗಕ್ಕೆ ಮತ್ತೆ ನಂಬರ್ ಬಂದಿತ್ತು, ಬಣ್ಣ ಇನ್ನೂ ಹಸಿ. ಒಳಗೆ ಮರದ ಚೌಕಟ್ಟಿನ ಮೇಲೆ ರೇಷ್ಮೆ ಬ್ಲೌಸಿನ ತೋಳು ಬಿಗಿದಿತ್ತು. ಅವಳು ಸೂಜಿ ಹಿಡಿದು ಬಗ್ಗಿ ಕೂತಿದ್ದಳು. ಬುಕಿಂಗ್ ಬರುತ್ತಿದೆ, ಸೀಸನ್ ಅರ್ಧ ಹೋಯಿತು, ಆದರೂ ಅಂಗಡಿ ಉಳಿಯಿತು ಅಂದಳು.

'ನಿಮ್ಮ ಅಕ್ಕನ ಹತ್ರ ನಾನು ಹಂಗೆ ಹೇಳ್ಬಾರದಿತ್ತು' ಅಂದೆ.

'ಬಿಡಿ ಮೇಡಂ' ಅಂದಳು. ಸ್ವಲ್ಪ ಹೊತ್ತು ಸೂಜಿ ಏರಿಸಿ ಇಳಿಸಿದಳು. 'ಒಂದ್ ವಿಷ್ಯ ಬೇಜಾರು. ಆಗ ಒಬ್ಳು ಹುಡ್ಗಿ ಇಲ್ಲಿಗೇ ಬಂದು ಬಟನ್ ಇಲ್ಲ ಅಕ್ಕ ಅಂದ್ಳು. ಮದುಮಗ್ಳು. ನಾನು ಅವ್ಳಿಗೆ, ನಿಂಗೆ ಫೋನ್ ನೋಡಕ್ ಬರಲ್ಲ ಕಣಮ್ಮ, ಮನೆಗ್ ಹೋಗಿ ಸರಿಯಾಗ್ ನೋಡು ಅಂದ್ಬಿಟ್ಟೆ. ಅವ್ರಮ್ಮನ ಮುಂದೇನೇ. ಅವ್ಳು ತಿರ್ಗ ಬರ್ಲಿಲ್ಲ.'

'ನಿಮಗೇ ಕಾಣ್ತಿರ್ಲಿಲ್ವಲ್ಲ?'

'ಕಾಣ್ತಿರ್ಲಿಲ್ಲ. ಆದ್ರೆ ನೀವು ಇದೆ ಅಂದ್ರಲ್ಲ, ಓದಿದವ್ರು. ಆಪಾನೂ ಅದೇ ಅಂದ್ಳು. ಬರ್ತಾ ಬರ್ತಾ ನಂಗೂ ಹಂಗೇ ಅನ್ಸಕ್ ಶುರುವಾಯ್ತು. ನಮ್ಗೇ ಗೊತ್ತಾಗ್ತಿಲ್ಲವೇನೋ ಅಂತ. ಆ ಹುಡ್ಗಿ ತಿರ್ಗ ಬರ್ದೇ ಇದ್ಮೇಲೇ ನಾನು ಆಪಾ ಹತ್ರ ಪಟ್ಟು ಹಿಡ್ದಿದ್ದು.'

ನನಗೆ ಕೂತ ಜಾಗದಲ್ಲೇ ಕುಗ್ಗಿಹೋಗುವಂತಾಯಿತು. ಚಹಾ ಲೋಟ ಕೈಯಲ್ಲಿ ಹಿಡಿದು ಉಡಾಫೆಯಿಂದ ಆಡಿದ ಮಾತು ಗುಬ್ಬಿಗೆ ಹೋಗಿ, ಕುಣಿಗಲ್‌ಗೆ ಬಂದು, ನಾನು ಕಂಡಿರದ ಒಬ್ಬ ಹುಡುಗಿಯ ತಲೆ ತಗ್ಗಿಸಿತ್ತು. ಕ್ಷಮಿಸಿ ಅಂದೆ. ಅವಳು, 'ಅಯ್ಯೋ, ದೊಡ್ಡ ಮಾತು' ಎಂದು ಸೂಜಿ ಕೆಳಗಿಟ್ಟು, ಮದ್ದೂರು ವಡೆ ತರಿಸಿದಳು. ತಿಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಎಂದು ಹೇಳಿದರೆ ಅಲಂಕಾರವಾಗುತ್ತದೆ. ಅಳಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಈಗ ಸೈಟ್ ಚೆನ್ನಾಗಿ ನಡೆಯುತ್ತಿದೆ. ಕುಣಿಗಲ್ ಅಂಗಡಿಯೂ ನಡೆಯುತ್ತಿದೆ. ಹೋದ ವಾರ ಅವಳಿಂದ ಮೆಸೇಜ್ ಬಂದಿತ್ತು. ಫೋನ್ ಅಡ್ಡ ಹಿಡಿದರೆ ಅಂಗಡಿಯ ಹೆಸರಿನ ಪಟ್ಟಿ ಅರ್ಧ ಪರದೆ ತಿನ್ನುತ್ತಿದೆ ಎಂದು. ಡ್ರಾಯರಿನ ಫೋನ್ ತೆಗೆದು, ಸಫಾರಿಯಲ್ಲೇ ತೆರೆದು, ಅಡ್ಡ ಹಿಡಿದು ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ತಪ್ಪು ಮತ್ತೆ ನಮ್ಮದೇ. ಕೂಡಲೇ ಸರಿ ಮಾಡಿ, ನೀವು ಹೇಳಿದ್ದೇ ಸರಿ ಎಂದು ಉತ್ತರ ಬರೆದೆ.

ಆದರೆ ಅವಳ ಮೆಸೇಜ್ ಶುರುವಾಗಿದ್ದು ಹೀಗೆ: 'ಮೇಡಂ, ನನಗೇ ನೋಡಕ್ ಬರ್ತಿಲ್ಲ ಅನ್ಸುತ್ತೆ, ಆದ್ರೂ ಒಂದು ಸಲ ನೋಡ್ತೀರಾ?'